4 ಪಾಯಿಂಟ್ ಮುನ್ನಡೆ ಅಂದ್ರೆ ಎಷ್ಟು ಗಟ್ಟಿ?

“ಸಮೀಕ್ಷೆಯಲ್ಲಿ ಒಬ್ಬರಿಗೆ 44%, ಇನ್ನೊಬ್ಬರಿಗೆ 40%. ಕೆಳಗೆ ‘ಆಗಬಹುದಾದ ತಪ್ಪು ±3 ಪಾಯಿಂಟ್’ ಅಂತಿದೆ. 4 ಅನ್ನೋದು 3ಕ್ಕಿಂತ ಜಾಸ್ತಿ ಅಲ್ವಾ, ಹಾಗಾದ್ರೆ ಮೊದಲನೆಯವರು ಗೆದ್ದಂತೆಯೇ?”

ಇಲ್ಲ. ಆ ±3 ಒಂದೊಂದು ಅಂಕಿಗೆ ಬೇರೆ ಬೇರೆಯಾಗಿ ಅನ್ವಯಿಸುತ್ತದೆ, ಅಂತರಕ್ಕಲ್ಲ. ಒಬ್ಬರ ಪಾಲು ತಪ್ಪಿ ಮೇಲೆ ಹೋದರೆ ಸಾಮಾನ್ಯವಾಗಿ ಇನ್ನೊಬ್ಬರದು ಕೆಳಗಿಳಿಯುತ್ತದೆ. ಹಾಗಾಗಿ ಅಂತರದ ತಪ್ಪು ಹತ್ತಿರ ಹತ್ತಿರ ಎರಡರಷ್ಟು. 1000 ಜನರನ್ನು ಕೇಳಿದ್ದರೆ ಸುಮಾರು ±5.7 ಬರುತ್ತದೆ. ಅಂದರೆ ನಿಜವಾದ ಅಂತರ 10ರ ಹತ್ತಿರವೂ ಇರಬಹುದು, ಎರಡನೆಯವರೇ 2 ಪಾಯಿಂಟ್ ಮುಂದೆಯೂ ಇರಬಹುದು.

ಹಾಗಂತ ಟಿವಿಯವರು ಹೇಳುವಂತೆ ‘ಸಮಬಲ’ ಅಂತಲೂ ಅಲ್ಲ. ಮೊದಲನೆಯವರು ಮುಂದಿರುವ ಸಾಧ್ಯತೆಯೇ ಜಾಸ್ತಿ.

ಇದೆಲ್ಲ ಬರೀ ಸ್ಯಾಂಪಲ್‌ನ ಏರುಪೇರು. ಫೋನ್ ಎತ್ತದವರ ಲೆಕ್ಕ ಇದರಲ್ಲಿ ಇಲ್ಲವೇ ಇಲ್ಲ. 2020ರಲ್ಲಿ ಅಮೆರಿಕದ ಸಮೀಕ್ಷೆಗಳ ಸರಾಸರಿ ಬೈಡನ್‌ಗೆ ಸುಮಾರು 8 ಪಾಯಿಂಟ್ ಮುನ್ನಡೆ ತೋರಿಸಿತ್ತು. ಬಂದದ್ದು 4.5.