ಜಪಾನಿನ ಸಬಾ ಮೀನಿನ ಹುಳಕ್ಕೆ ವಿನೆಗರ್ ಸಾಕಾಗುತ್ತಾ?

"ಕೆಲಸಕ್ಕೆಂದು ಜಪಾನಿಗೆ ಬಂದಿದ್ದೇನೆ. ಮಾರ್ಕೆಟ್‌ನಿಂದ ತಂದ ಸಬಾ, ಅಂದರೆ ನಮ್ಮ ಬಂಗುಡೆಯಂಥ ಮೀನಿನ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಬಿಳಿ ಹುಳಗಳಿದ್ದವು. ಉಪ್ಪು, ವಿನೆಗರ್ ಹಾಕಿ ಹಸಿಯಾಗೇ ತಿನ್ನಬಹುದಾ?"

ಹಾಗೆ ತಿನ್ನಬೇಡಿ. ಬೇಯಿಸಿ ತಿನ್ನಿ, ಇಲ್ಲವೇ ಮೊದಲು ಸರಿಯಾಗಿ ಫ್ರೀಜ್ ಮಾಡಿ. ನಾನು ಮೀನು ಸಂಸ್ಕರಣಾ ಘಟಕದಲ್ಲಿ ಗುಣಮಟ್ಟ ನೋಡಿಕೊಳ್ಳುವವನು. ನಿಮ್ಮ ವಿವರಣೆ ನೋಡಿದರೆ ಅದು ಅನಿಸಾಕಿಸ್ ಎಂಬ ಪರಾವಲಂಬಿ ಹುಳದ ಮರಿಯೇ ಇರಬೇಕು. ಎರಡು ಮೂರು ಸೆಂಟಿಮೀಟರ್ ಉದ್ದ, ದಾರದಷ್ಟು ಸಣ್ಣ.

ಈ ಹುಳ ದೊಡ್ಡದಾಗುವುದು ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ. ಅವುಗಳ ಮಲದೊಂದಿಗೆ ಮೊಟ್ಟೆ ಸಮುದ್ರಕ್ಕೆ ಬೀಳುತ್ತದೆ. ಒಡೆದು ಬಂದ ಮರಿಯನ್ನು ಕ್ರಿಲ್‌ನಂಥ ಪುಟ್ಟ ಸಿಗಡಿಜೀವಿಗಳು ತಿನ್ನುತ್ತವೆ, ಅವನ್ನು ಮೀನು, ಬೊಂಡಾಸ್‌ಗಳು ತಿನ್ನುತ್ತವೆ. ಮುಂದೆ ತಿಮಿಂಗಿಲದ ಹೊಟ್ಟೆ ಸೇರಬೇಕಿದ್ದ ಮರಿ ದಾರಿ ತಪ್ಪಿ ನಮ್ಮ ಹೊಟ್ಟೆಗೆ ಬಂದರೆ ಇಲ್ಲಿ ಬೆಳೆಯಲಾರದು, ಕೆಲವು ದಿನಗಳಲ್ಲಿ ಸಾಯುತ್ತದೆ. ಆದರೆ ಅಷ್ಟರೊಳಗೆ ಜಠರದ ಗೋಡೆಗೆ ತಲೆ ತೂರಿಸಿರುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ಜೋರು ಹೊಟ್ಟೆನೋವು, ವಾಂತಿ ಬರುತ್ತದೆ. ವೈದ್ಯರು ಎಂಡೋಸ್ಕೋಪ್ ಇಳಿಸಿ ಚಿಮಟದಿಂದ ಕಿತ್ತು ತೆಗೆಯುತ್ತಾರೆ. ಕರುಳಿಗೆ ಹೋಗಿ ಕಚ್ಚಿದರೆ ನೋವು ತಡವಾಗಿ ಶುರುವಾಗುತ್ತದೆ, ಅಪೆಂಡಿಕ್ಸ್ ಇರಬಹುದೆಂಬ ಗೊಂದಲವೂ ಆಗುತ್ತದೆ.

ಈಗ ವಿನೆಗರ್ ವಿಷಯ. ಇದು ಹೊಟ್ಟೆಯ ಆಮ್ಲವನ್ನೇ ತಡೆದುಕೊಂಡು ಬದುಕುವ ಹುಳ. ವಿನೆಗರ್‌ಗೆ ಹೆದರುತ್ತದೆಯೇ? ಉಪ್ಪು, ವಿನೆಗರ್ ಹಾಕಿ ಹಸಿಯಾಗೇ ತಿನ್ನುವ ಜಪಾನಿನ ಶಿಮೆ ಸಬಾಕ್ಕೆ ಹಚ್ಚುವಷ್ಟು ಉಪ್ಪು, ಹುಳಿಗೆ ಮೀನಿನ ಮಾಂಸ ಬೆಳ್ಳಗಾಗಿ ಬೆಂದಂತೆ ಕಾಣುತ್ತದೆ, ಹುಳ ಮಾತ್ರ ಜೀವಂತವಾಗೇ ಇರುತ್ತದೆ. ಹಸಿ ಮೀನಿನ ಜೊತೆ ತಿನ್ನುವ ಖಾರದ ವಸಾಬಿಯಿಂದಲೂ ಸಾಯುವುದಿಲ್ಲ.

ಬಿಸಿ ತಗುಲಿದರೆ ಹುಳದ ಮೈಯ ಪ್ರೋಟೀನ್‌ಗಳು ಕೆಟ್ಟು ಅದು ಸಾಯುತ್ತದೆ. ಮೀನಿನ ನಡುಭಾಗ 60 ಡಿಗ್ರಿ ಮುಟ್ಟಿ ಒಂದು ನಿಮಿಷ ಇದ್ದರೆ ಸಾಕು. ನಮ್ಮ ಬಂಗುಡೆ ಸಾರಿನಂತೆ ಕುದಿಸಿದರೆ ಚಿಂತೆಯೇ ಇಲ್ಲ. ಹೊರಗೆ ಕರಿದು ಒಳಗೆ ಹಸಿ ಬಿಡುವ ಅಡುಗೆಯೇ ಅಪಾಯ.

ಫ್ರೀಜಿಂಗ್‌ನಲ್ಲಿ ಹುಳದ ಜೀವಕೋಶಗಳಲ್ಲಿ ಮಂಜಿನ ಹರಳು ಮೂಡಿ ಅವು ಒಡೆಯುತ್ತವೆ. ಆದರೆ ಸಾಧಾರಣ ಚಳಿಗೆ ಇದು ಬಗ್ಗುವುದಿಲ್ಲ. ಮೈಯಲ್ಲಿ ಟ್ರೆಹಲೋಸ್ ಎಂಬ ಸಕ್ಕರೆ ಸೇರಿಸಿಕೊಂಡು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತದೆ. ಫ್ರಿಜ್‌ನ ಮಾಮೂಲಿ ಅರೆಯಲ್ಲಿ ಆರಾಮಾಗಿ ಬದುಕಿರುತ್ತದೆ. ಅದಕ್ಕೇ ಯುರೋಪಿನ ನಿಯಮ ಮೀನಿನ ನಡುಭಾಗವೇ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇರಬೇಕು ಎನ್ನುತ್ತದೆ. ಅಮೆರಿಕದಲ್ಲಿ ಅದೇ ತಾಪಮಾನಕ್ಕೆ 7 ದಿನ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಸುತ್ತ ಇರುತ್ತದೆ, ಬಾಗಿಲು ತೆಗೆದಾಗಲೆಲ್ಲ ಏರುತ್ತದೆ, ದಪ್ಪ ಮೀನಿನ ಒಳಭಾಗ ತಣ್ಣಗಾಗುವುದು ನಿಧಾನ. ಹಾಗಾಗಿ ಹಸಿಯಾಗಿ ತಿನ್ನಲೇಬೇಕೆಂದರೆ ಕಾರ್ಖಾನೆಯಲ್ಲೇ ಫ್ರೀಜ್ ಆದ ಮೀನು ಕೇಳಿ ತನ್ನಿ.

ಕರುಳು, ಹೊಟ್ಟೆಯನ್ನು ಬೇಗ ತೆಗೆದುಹಾಕಿ, ಮೀನು ಸತ್ತ ಮೇಲೆ ಕೆಲವು ಹುಳ ಮಾಂಸಕ್ಕೆ ಸರಿಯುತ್ತವೆ. ಆದರೆ ಕಣ್ಣಿಗೆ ಬೀಳದ್ದೂ ಉಳಿದಿರಬಹುದು, ಬರೀ ಹೆಕ್ಕಿ ತೆಗೆದರೆ ಸಾಲದು.

ಇನ್ನೊಂದು: ಇಂಥ ಮೀನು ತಿಂದು ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಅದು ಹುಳಕ್ಕೆ ಅಲರ್ಜಿ ಇರಬಹುದು. ಅದರ ಕೆಲವು ಪ್ರೋಟೀನ್‌ಗಳು ಬೇಯಿಸಿದರೂ, ಫ್ರೀಜ್ ಮಾಡಿದರೂ ಹಾಗೇ ಉಳಿಯುತ್ತವೆ. ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಏನು ಮೀನು ಯಾವಾಗ ತಿಂದಿರಿ ಎಂದು ಮೊದಲೇ ಹೇಳಿ.