ಪುಡಿ ಕೊಟ್ಟರೂ ಮಿದುಳಿಗೆ ಕ್ರಿಯಾಟಿನ್ ಯಾಕೆ ಸೇರುವುದಿಲ್ಲ?

“ಅಕ್ಕನ ಮಗನಿಗೆ 4 ವರ್ಷ, ಇನ್ನೂ ಮಾತು ಬಂದಿಲ್ಲ. ರಿಪೋರ್ಟಿನಲ್ಲಿ SLC6A8 ದೋಷ ಅಂತಿದೆ. ಕ್ರಿಯಾಟಿನ್ ಪುಡಿಯಿಂದ ಒಂದು ಮಗು ಚೇತರಿಸಿಕೊಂಡಿತು ಅಂತ ಓದಿದ್ದೆ. ಇವನಿಗೂ ಕೊಟ್ಟರೆ ಸರಿಹೋಗಲ್ವಾ?”

ಬರೀ ಪುಡಿಯಿಂದ ಆಗುವುದಿಲ್ಲ. ಕ್ರಿಯಾಟಿನ್ ಅಂದರೆ ಮಿದುಳು, ಸ್ನಾಯುಗಳ ಕೋಶಗಳಿಗೆ ಶಕ್ತಿ ಒದಗಿಸಲು ನೆರವಾಗುವ ವಸ್ತು. SLC6A8 ಅಂದರೆ ಕ್ರಿಯಾಟಿನ್ ಒಳಗೆ ಹೋಗುವ ಬಾಗಿಲು. ರಕ್ತದಿಂದ ಮಿದುಳಿಗೆ ದಾಟಲು, ಅಲ್ಲಿಂದ ನರಕೋಶದೊಳಗೆ ಸೇರಲು ಅದೇ ಬೇಕು. ಬಾಗಿಲೇ ಕೆಟ್ಟಿದ್ದರೆ ಹೊರಗೆ ಎಷ್ಟು ಸುರಿದರೂ ಒಳಗೆ ಹೋಗುವುದಿಲ್ಲ. ಅದಕ್ಕೇ ಇಂಥ ಗಂಡುಮಕ್ಕಳ ಮೂತ್ರದಲ್ಲಿ, ಕ್ರಿಯಾಟಿನ್‌ನಿಂದಲೇ ಉಂಟಾಗುವ ತ್ಯಾಜ್ಯವಾದ ಕ್ರಿಯಾಟಿನಿನ್‌ಗೆ ಹೋಲಿಸಿದರೆ, ಕ್ರಿಯಾಟಿನ್ ಜಾಸ್ತಿ ಇರುತ್ತದೆ. ಮಿದುಳಿನಲ್ಲಿ ಯಾವ ರಾಸಾಯನಿಕ ಎಷ್ಟಿದೆ ಎಂದು ತೋರಿಸುವ ಎಂಆರ್ ಸ್ಪೆಕ್ಟ್ರೋಸ್ಕೋಪಿ ಸ್ಕ್ಯಾನಿನಲ್ಲಿ ಮಾತ್ರ ಅದರ ಗೆರೆ ಬಹುತೇಕ ಏಳುವುದೇ ಇಲ್ಲ.

ನೀವು ಓದಿರುವ ‘ಪುಡಿಯಿಂದ ಚೇತರಿಕೆ’ ಬಹುಶಃ ಕ್ರಿಯಾಟಿನ್ ತಯಾರಿಸುವ GAMT ಎಂಬ ಕಿಣ್ವದ ದೋಷದ್ದು. 1994ರಲ್ಲಿ ಜರ್ಮನಿಯ ವೈದ್ಯರು ಅಂಥ ಒಂದು ಗಂಡುಮಗುವಿನ ಬಗ್ಗೆ ಬರೆದರು. ಅಲ್ಲಿ ಕ್ರಿಯಾಟಿನ್ ತಯಾರಿಯೇ ನಿಂತಿತ್ತು, ಬಾಗಿಲು ಸರಿಯಿತ್ತು. ಬಾಯಿಂದ ಕೊಟ್ಟ ಕ್ರಿಯಾಟಿನ್ ನಿಧಾನವಾಗಿ ಮಿದುಳು ಸೇರಿತು, ಮಗು ಚೇತರಿಸಿಕೊಂಡಿತು.

ಮಿದುಳು ತಾನೇ ಮಾಡಿಕೊಳ್ಳಬಾರದಾ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ಮಾಡುತ್ತದೆ. ಆದರೆ ಮೊದಲ ಹಂತ ಒಂದು ಕೋಶದಲ್ಲಿ, ಎರಡನೆಯದು ಹೆಚ್ಚಾಗಿ ಇನ್ನೊಂದರಲ್ಲಿ. ನಡುವಿನ ವಸ್ತು ದಾಟಲೂ ಇದೇ ಬಾಗಿಲು ಬೇಕು.

ಕಚ್ಚಾವಸ್ತುಗಳಾದ ಆರ್ಜಿನಿನ್, ಗ್ಲೈಸಿನ್ ಕೊಟ್ಟು ನೋಡುವುದುಂಟು. ಕೆಲವು ಮಕ್ಕಳಿಗೆ ಫಿಟ್ಸ್ ಕಡಿಮೆಯಾಗಿದೆ, ಹಲವರಿಗೆ ಏನೂ ಆಗಿಲ್ಲ. ಮೆಟಬಾಲಿಕ್ ತಜ್ಞರ ಕೈಯಲ್ಲೇ ಶುರು ಮಾಡಿ. SLC6A8 ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಹಾಗಾಗಿ ನಿಮ್ಮ ಅಕ್ಕನಿಗೂ ಜೀನ್ ಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ ಮೂತ್ರದ ಪರೀಕ್ಷೆ ಸರಿಯಾಗಿಯೇ ಕಾಣಬಹುದು.