ಸೈಜ್ ಎಷ್ಟು ಸಾರ್?

*ಸಂಪಾದಕರೇ, ನಮ್ಮಪ್ಪ ಟೇಲರ್. ಅವರ ಮೇಲೆ ಐದು ಸಾಲಿನ ಒಂದು ಕವಿತೆ ಬರೆದಿದ್ದೆ:*

*ಊರವರ ಎದೆಯಳತೆ ಅಪ್ಪನ ಪುಸ್ತಕದಲ್ಲಿದೆ,*
*ಅಪ್ಪನ ಎದೆಯಳತೆ ಯಾರ ಬಳಿಯೂ ಇಲ್ಲ.*
*ರೆಡಿಮೇಡ್ ಬಂತು, ಮಿಷನ್ನಿನ ನದಿ ನಿಂತಿತು,*
*ಈಗ ಮೌನವನ್ನು ಹೊಲಿಯುತ್ತಾನೆ ಅಪ್ಪ*
*ದಾರವಿಲ್ಲದ ಸೂಜಿಯಲ್ಲಿ.*

*ಅದನ್ನೇ ಒಂಬತ್ತು ನಿಮಿಷದ ಕಿರುಚಿತ್ರ ಮಾಡಿದೆ. ಹಿನ್ನೆಲೆಯಲ್ಲಿ ಕವಿತೆ ನಾನೇ ಓದಿದ್ದೇನೆ. ನೋಡಿದ ಗೆಳೆಯರು "ಚಿತ್ರ ಇರೋ ರೇಡಿಯೋ" ಅಂದರು. ದನಿ ತೆಗೆದರೆ ಕವಿತೆಯೇ ಉಳಿಯಲ್ಲ ಅನ್ನಿಸುತ್ತೆ. ಚಿತ್ರ ಕಳಿಸಿದ್ದೇನೆ, ನೋಡಿ ಹೇಳಿ.*
*— ಓದುಗರು, ರಾಮದುರ್ಗ*

ಪ್ರಿಯರೇ,

ಚಿತ್ರವನ್ನು ಎರಡು ಸಲ ನೋಡಿದೆ. ಎರಡನೇ ಸಲ ಸೌಂಡ್ ಪೂರ್ತಿ ಬಂದ್ ಮಾಡಿಕೊಂಡೆ. ನೀವೂ ಹಾಗೆ ನೋಡಿದರೆ ಒಂದು ವಿಷಯ ಕಾಣಿಸುತ್ತದೆ. "ನದಿ ನಿಂತಿತು" ಅನ್ನುವಾಗ ಮಲಪ್ರಭೆಯ ಒಣಗಿದ ಪಾತ್ರ ತೋರಿಸಿದ್ದೀರಿ. ದನಿ ಇಲ್ಲದೆ ನೋಡುವವರಿಗೆ ಇದು ಬರಗಾಲದ ಚಿತ್ರ. ಟೇಲರ್ ಅಂಗಡಿಗೂ ಹೊಳೆಗೂ ಏನು ಸಂಬಂಧ ಅಂತ ಅವರು ತಲೆ ಕೆರೆದುಕೊಳ್ಳುತ್ತಾರೆ. ಕವಿತೆಯಲ್ಲಿ ನದಿ ಒಂದು ಹೋಲಿಕೆ. ಕ್ಯಾಮೆರಾಕ್ಕೆ "ಹಾಗೆ", "ಅಂತೆ" ಅನ್ನೋದು ಗೊತ್ತಿಲ್ಲ. ಅದರ ಮುಂದೆ ಇಟ್ಟ ನದಿ ಬರೀ ನದಿ.

ನನಗೂ ಈ ಪಾಠ ಹೀಗೇ ಆಯಿತು. ಹರೆಯದಲ್ಲಿ ತಾಯಿಯ ಸಾವಿನ ಕವಿತೆಯೊಂದನ್ನು ಚಿತ್ರ ಮಾಡಿದ್ದೆ. ಕೊನೆಯಲ್ಲಿ ದೀಪ ಆರುತ್ತದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ ಒಬ್ಬರು "ಕರೆಂಟ್ ಹೋಯ್ತಾ?" ಅಂತ ಪಕ್ಕದವರನ್ನು ಕೇಳಿದರು.

ಹಾಗಾದರೆ ನಿಮ್ಮ ನದಿ ಎಲ್ಲಿದೆ? ಕಿವಿಯಲ್ಲಿದೆ. ತುಳಿಯುವ ಮಿಷನ್ನಿನ ಸದ್ದನ್ನು ಬೇರೆಯಾಗಿ ಹತ್ತಿರದಿಂದ ರೆಕಾರ್ಡ್ ಮಾಡಿಕೊಳ್ಳಿ. ಮೊದಲ ಎರಡು ನಿಮಿಷ ಅದು ನಿಲ್ಲದೆ ಹರಿಯಲಿ. ಬೀದಿ ತೋರಿಸಿದರೂ, ಅಡುಗೆಮನೆ ತೋರಿಸಿದರೂ ಕೆಳಗೆ ಸಣ್ಣಗೆ ಅದೇ ಸದ್ದು. ಆಮೇಲೆ ಒಂದು ಕಡೆ ನಿಲ್ಲಿಸಿ. ಅಲ್ಲಿಯತನಕ ಇತ್ತು ಅಂತ ನೋಡುವವರಿಗೆ ತಿಳಿಯೋದೇ ಅದು ನಿಂತಾಗ. ಹಾಗಂತ ಸೌಂಡನ್ನು ಸೊನ್ನೆಗೆ ಇಳಿಸಬೇಡಿ, ಸ್ಪೀಕರ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಅಂಗಡಿಯಲ್ಲಿ ಯಾರೂ ಮಾತಾಡದೆ ಒಂದು ನಿಮಿಷ ಸುಮ್ನೆ ರೆಕಾರ್ಡ್ ಮಾಡಿ. ಫ್ಯಾನಿನ ಗುಂಯ್, ದೂರದ ಬೈಕು, ಪಕ್ಕದ ಮನೆಯ ಮಿಕ್ಸಿ ಅದರಲ್ಲಿ ಬಂದಿರುತ್ತವೆ. ಮಿಷನ್ ನಿಂತ ಜಾಗಕ್ಕೆ ಅದನ್ನು ಹಾಕಿ. ನಿಮ್ಮ ನಾಲ್ಕನೇ ಸಾಲಿನ ಮೌನ ಅದೇ.

"ರೆಡಿಮೇಡ್ ಬಂತು" ಅನ್ನುವ ಕಡೆ ಬಟ್ಟೆ ಮಳಿಗೆಯ ಬೋರ್ಡು ತೋರಿಸಿದ್ದೀರಿ. ಅದು ಸುದ್ದಿ, ಅಷ್ಟೇ. ನಿಮ್ಮಪ್ಪನ ಮೇಜಿನ ಮೇಲೆ ಏನು ಬದಲಾಯಿತು ಅಂತ ನೋಡಿ. ಈಗ ಟೇಲರುಗಳ ಹತ್ತಿರ ಜಾಸ್ತಿ ಬರುವುದು ಆಲ್ಟರೇಷನ್. ಗಿರಾಕಿ ಹೊಸ ಪ್ಯಾಂಟು ತಂದು ಮೇಜಿನ ಮೇಲೆ ಹಾಕುತ್ತಾನೆ. ಕಂಪನಿ ಚೀಟಿ ಇನ್ನೂ ನೇತಾಡುತ್ತಿದೆ. "ಉದ್ದ ಜಾಸ್ತಿ ಆಯ್ತು, ಕಮ್ಮಿ ಮಾಡ್ರಿ" ಅನ್ನುತ್ತಾನೆ. ಅಳತೆ ಪುಸ್ತಕ ತೆರೆಯುವ ಕೆಲಸವೇ ಇಲ್ಲ. ಕತ್ತರಿ ಆಡುತ್ತದೆ, ಮೂರು ಇಂಚಿನ ಬಟ್ಟೆಯ ಬಳೆಯೊಂದು ನೆಲಕ್ಕೆ ಬೀಳುತ್ತದೆ. ಇನ್ನೊಂದು ಸಲ ಆ ಜಾಗ ತೋರಿಸುವಾಗ ಅಲ್ಲಿ ಅಂಥ ಬಳೆಗಳ ಗುಡ್ಡೆ. ಇಷ್ಟು ಸಾಕು.

ಈಗ ಎರಡನೇ ಸಾಲಿಗೆ ಬರೋಣ. "ಅಪ್ಪನ ಎದೆಯಳತೆ ಯಾರ ಬಳಿಯೂ ಇಲ್ಲ." ಕವಿತೆಯ ಜೀವ ಇಲ್ಲಿದೆ, ಚಿತ್ರದ ಕಷ್ಟವೂ ಇಲ್ಲೇ ಇದೆ. "ಇಲ್ಲ" ಅನ್ನೋದನ್ನು ಶೂಟ್ ಮಾಡಲು ಆಗಲ್ಲ. ನೀವು ಅಪ್ಪನ ಮುಖವನ್ನು ಹತ್ತಿರದಿಂದ ತೋರಿಸಿದ್ದೀರಿ, ಕಣ್ಣು ತುಂಬಿದೆ. ಅದರಿಂದ ಬೇಸರ ಗೊತ್ತಾಗುತ್ತೆ, ಅಳತೆ ಗೊತ್ತಾಗಲ್ಲ. ಇಲ್ಲದ್ದನ್ನು ತೋರಿಸಬೇಕಾದರೆ ಮೊದಲು ಇರುವುದನ್ನು ನೋಡುವವರಿಗೆ ರೂಢಿ ಮಾಡಿಸಬೇಕು. ಆಮೇಲೆ ಅದು ಬೇಕಾಗುವ ಒಂದು ಸಂದರ್ಭ ತರಬೇಕು.

ನಾನಾದರೆ ಹೀಗೆ ಮಾಡುತ್ತಿದ್ದೆ. ಮೊದಲ ದೃಶ್ಯದಲ್ಲಿ ಅಪ್ಪ ಒಬ್ಬರ ಎದೆಗೆ ಟೇಪು ಸುತ್ತುತ್ತಾರೆ, "ಮೂವತ್ತೆಂಟು" ಅನ್ನುತ್ತಾರೆ. ಪಕ್ಕದಲ್ಲಿ ಕೂತ ಹುಡುಗ ಬರೆದುಕೊಳ್ಳುತ್ತಾನೆ. ಆ ಹುಡುಗ ನೀವು. ಪುಸ್ತಕದ ಪುಟ ಕಾಣಲಿ: ಹೆಸರು, ಎದೆ, ತೋಳು, ಪಕ್ಕದಲ್ಲಿ ಪಿನ್ ಹೊಡೆದ ಬಟ್ಟೆ ಚೂರು. ಆ ಪುಟವನ್ನು ನೀವೇ ಎರಡು ಸಲ ನಿಧಾನವಾಗಿ ಓದಿ ಮುಗಿಸುವಷ್ಟು ಹೊತ್ತು ಇಡಿ. ಈಗಿನ ಕಟ್‌ನಲ್ಲಿ ಅದು ಕಣ್ಣಿಗೆ ಸಿಕ್ಕುವ ಮುಂಚೆ ಹೋಗಿಬಿಡುತ್ತದೆ. ಮತ್ತೊಬ್ಬ ಗಿರಾಕಿ, ಮತ್ತೆ ಟೇಪು, ಮತ್ತೆ ಸಂಖ್ಯೆ. ಎರಡು ಸಲ ಸಾಕು, ಮೂರಾದರೆ ಬೇಜಾರು.

ಆಮೇಲೆ ಹುಡುಗ ದೊಡ್ಡವನಾಗಿದ್ದಾನೆ. ದೀಪಾವಳಿಗೆ ಅಪ್ಪನಿಗೆ ಅಂಗಿ ತರಲು ಮಳಿಗೆಗೆ ಹೋಗಿದ್ದಾನೆ. ಕೌಂಟರಿನವನು ಕೇಳುತ್ತಾನೆ, "ಸೈಜ್ ಎಷ್ಟು ಸಾರ್?"

ಟೇಲರನ ಮಗ, ಊರಿನವರ ಅಳತೆಯೆಲ್ಲ ಬರೆದ ಕೈ. ಉತ್ತರ ಗೊತ್ತಿಲ್ಲ. ಅಲ್ಲೇ ಕಟ್ ಮಾಡಿ.

ನಿಮ್ಮ ಕವಿತೆಯಲ್ಲಿ ಈ ಮಳಿಗೆ ಇಲ್ಲ, ಅಂಗಿಯೂ ಇಲ್ಲ. ಆದರೂ ಸಾಲು ಪೂರ್ತಿ ಇದೆ, ಅಲ್ವಾ? ಹುಡುಗನ ಪಾತ್ರದವರಿಗೆ "ಪಶ್ಚಾತ್ತಾಪ ತೋರಿಸಿ" ಅಂತ ಹೇಳಬೇಡಿ, ಸುಮ್ನೆ ಅಂಗಿಗಳನ್ನು ನೋಡಲಿ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೊವ್ ಒಂದು ಪ್ರಯೋಗ ಮಾಡಿದ. ನಟನ ಒಂದೇ ಭಾವವಿಲ್ಲದ ಮುಖವನ್ನು ಸೂಪಿನ ತಟ್ಟೆಯ ಪಕ್ಕ ಜೋಡಿಸಿದ, ಶವಪೆಟ್ಟಿಗೆಯ ಪಕ್ಕವೂ ಜೋಡಿಸಿದ. ನೋಡಿದವರು ಹಸಿವಿನ ನಟನೆ ಎಷ್ಟು ಚೆಂದ, ದುಃಖದ ನಟನೆ ಎಷ್ಟು ಚೆಂದ ಅಂತ ಹೊಗಳಿದರಂತೆ. ನಿಮ್ಮಲ್ಲಿ ಆ ಕೆಲಸ ಮುಂಚೆ ಬಂದ ಟೇಪು ಮಾಡುತ್ತದೆ.

ಕೊನೆಯ ಸಾಲಿನ ದಾರವಿಲ್ಲದ ಸೂಜಿ ನಿಮಗೆ ಸಿಕ್ಕ ಭಾಗ್ಯ. ಅದು ಹೋಲಿಕೆಯೂ ಹೌದು, ನಿಜವಾದ ವಸ್ತುವೂ ಹೌದು. ಹೊಲಿಗೆ ಕಲಿಯುವವರಿಗೆ ಮೊದಲು ಏನು ಮಾಡಿಸುತ್ತಾರೆ? ಕಾಗದದ ಮೇಲೆ ಗೆರೆ ಎಳೆದು, ದಾರ ಹಾಕದೆ ಆ ಗೆರೆಯ ಮೇಲೆ ಮಿಷನ್ ಓಡಿಸಲು ಹೇಳುತ್ತಾರೆ. ಚಿತ್ರದ ಶುರುವಿನಲ್ಲಿ ಅಪ್ಪ ಹುಡುಗನಿಗೆ ಅದನ್ನೇ ಕಲಿಸಲಿ. ಕಾಗದದಲ್ಲಿ ಸೊಟ್ಟಗೆ ತೂತಿನ ಸಾಲು, ಇಬ್ಬರೂ ನಗುತ್ತಾರೆ. ಕೊನೆಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ ಅಪ್ಪ ಒಬ್ಬರೇ ಅದನ್ನು ಮಾಡಲಿ. ತೂತಿನ ಸಾಲು ಈಗ ನೂಲು ಹಿಡಿದ ಹಾಗೆ ನೇರ. ನೀವು ಬಟ್ಟೆಯ ಮೇಲೆ ಶೂಟ್ ಮಾಡಿದ್ದೀರಿ, ಅದಕ್ಕೇ ಏನೂ ಕಾಣಿಸಿಲ್ಲ. ಹತ್ತಿ ಬಟ್ಟೆಯ ಎಳೆಗಳು ಮತ್ತೆ ಕೂಡಿಕೊಂಡು ತೂತು ಮುಚ್ಚಿಬಿಡುತ್ತವೆ. ಕಾಗದದಲ್ಲಿ ಉಳಿಯುತ್ತವೆ. ಅಳತೆ ಪುಸ್ತಕದ ಖಾಲಿ ಹಾಳೆಯೇ ಆದರೆ ಇನ್ನೂ ಒಳ್ಳೆಯದು. ಅದನ್ನು ಬೆಳಕಿಗೆ ಹಿಡಿದು ನೋಡುವ ಶಾಟ್ ಬೇಡ. ಚೆಂದ ಬರುತ್ತೆ, ನಿಜ. ಆದರೆ ಅಪ್ಪ ಹಾಗೆ ಮಾಡುವ ಜಾತಿಯವರಲ್ಲ, ಅದು ಕ್ಯಾಮೆರಾದವರ ಚಟ.

ಹೊಸ ಕಟ್ ಆದ ಮೇಲೆ ಕವಿತೆ ಓದಿಲ್ಲದ ಯಾರಿಗಾದರೂ ತೋರಿಸಿ. ಹೇಗಿದೆ ಅಂತ ಕೇಳಬೇಡಿ, ಏನಾಯಿತು ಅಂತ ಕೇಳಿ. "ಪಾಪ, ಟೇಲರುಗಳ ಕಷ್ಟ" ಅಂದರೆ ಮೂರನೇ ಸಾಲು ಮಾತ್ರ ದಾಟಿದೆ ಅಂತ ಅರ್ಥ. "ಮಗನಿಗೇ ಗೊತ್ತಿರಲಿಲ್ಲ ನೋಡಿ" ಅಂದರೆ ನಿಮ್ಮ ದನಿಯನ್ನು ಧೈರ್ಯವಾಗಿ ಅಳಿಸಬಹುದು. ಎಲ್ಲ ಕವಿತೆಗೂ ಇದು ಒಗ್ಗಲ್ಲ. ಪ್ರಾಸ, ಲಯದಲ್ಲೇ ಬದುಕುವ ಕವಿತೆಯಿಂದ ದನಿ ತೆಗೆದರೆ ಏನೂ ಉಳಿಯಲ್ಲ. ಅಂಥದ್ದನ್ನು ಓದಿಸುವುದೇ ಸರಿ. ನಿಮ್ಮದು ವಸ್ತುಗಳ ಕವಿತೆ.

ಇನ್ನೊಂದು ಸಣ್ಣ ಮಾತು. ಕೊನೆಯ ಶಾಟಿನಲ್ಲಿ ಅಪ್ಪ ಪೆಡಲಿನಿಂದ ಕಾಲು ತೆಗೆದ ತಕ್ಷಣ ಕಟ್ ಹೇಳಿದ್ದೀರಿ. ಕಾಲು ತೆಗೆದ ಮೇಲೂ ಚಕ್ರ ಒಂದಷ್ಟು ಸುತ್ತು ತಾನೇ ತಿರುಗುತ್ತದೆ. ಅದು ನಿಲ್ಲುವ ತನಕ ಕಾಯಿರಿ.

— ಸಂ.